ಒಂದು ಕೆಜಿ ಮಂಡಕ್ಕಿಗೆ ಮೂರು ಕೆಜಿಯ ಡೆಲಿವರಿ ಚಾರ್ಜ್: ಇದು ಮೋಸವೇ?

“ಆನ್‌ಲೈನ್‌ನಲ್ಲಿ ಒಂದು ಕೆಜಿ ಮಂಡಕ್ಕಿ ತರಿಸಿದೆ. ಪಾರ್ಸೆಲ್ ಮೇಲಿನ ಚೀಟಿಯಲ್ಲಿ ತೂಕ 3 ಕೆಜಿ ಎಂದಿದೆ. ಡೆಲಿವರಿ ಚಾರ್ಜನ್ನೂ ಮೂರು ಕೆಜಿಗೇ ಹಾಕಿದ್ದಾರೆ. ಹಾಗಾದರೆ ಉಳಿದ ಎರಡು ಕೆಜಿ ಎಲ್ಲಿ ಹೋಯಿತು? ಎಲ್ಲ ಗುಂಪುಗಳಿಗೂ ಕಳಿಸಿ.”

ಈ ಬಗೆಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಮಂಡಕ್ಕಿಯ ಜಾಗದಲ್ಲಿ ದಿಂಬು ಇರಬಹುದು, ಮಕ್ಕಳ ಗೊಂಬೆ ಇರಬಹುದು, ಪ್ಲಾಸ್ಟಿಕ್ ಬುಟ್ಟಿ ಇರಬಹುದು. ದೂರು ಮಾತ್ರ ಒಂದೇ: ವಸ್ತು ಹಗುರ, ಚಾರ್ಜ್ ಭಾರ.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಚೀಟಿಯಲ್ಲಿ 3 ಕೆಜಿ ಎಂದಿದ್ದು ಒಳಗೆ 1 ಕೆಜಿ ವಸ್ತು ಇದ್ದರೆ, ಅಷ್ಟರಿಂದಲೇ ಅದು ಕಳ್ಳತನವಾಗುವುದಿಲ್ಲ. ಅಲ್ಲಿ ಬರೆದಿರುವುದು ವಸ್ತುವಿನ ತೂಕವೇ ಆಗಿರಬೇಕಿಲ್ಲ. ಬಾಕ್ಸ್ ವಾಹನದಲ್ಲಿ ಹಿಡಿಯುವ ಜಾಗವನ್ನು ತೂಕಕ್ಕೆ ಪರಿವರ್ತಿಸಿದ ಲೆಕ್ಕವೂ ಆಗಿರಬಹುದು. ಆದರೆ ಈ ಲೆಕ್ಕ ಯಾವಾಗಲೂ ಸರಿಯಾಗಿಯೇ ಇರುತ್ತದೆ ಎಂದೂ ಹೇಳಲಾಗದು. ಎಲ್ಲಿ ತಪ್ಪುತ್ತದೆ ಎಂದು ಗೊತ್ತಾಗಬೇಕಾದರೆ ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು. ಅದಕ್ಕೆ ಒಂದು ಟೇಪು ಮತ್ತು ಫೋನಿನ ಕ್ಯಾಲ್ಕ್ಯುಲೇಟರ್ ಸಾಕು.

ಒಂದು ಪಾರ್ಸೆಲ್‌ಗೆ ಎರಡು ತೂಕ

ಕೊರಿಯರ್ ಕಂಪನಿಗಳು ಪ್ರತಿ ಪಾರ್ಸೆಲ್‌ಗೆ ಎರಡು ತೂಕ ಲೆಕ್ಕ ಹಾಕುತ್ತವೆ. ಮೊದಲನೆಯದು ತಕ್ಕಡಿ ತೋರಿಸುವ ತೂಕ. ಇದರಲ್ಲಿ ವಸ್ತು, ಬಾಕ್ಸ್, ಒಳಗೆ ತುರುಕಿದ ಪೇಪರ್, ಮೇಲೆ ಸುತ್ತಿದ ಟೇಪು ಎಲ್ಲವೂ ಸೇರುತ್ತವೆ. ಎರಡನೆಯದು ಗಾತ್ರದ ತೂಕ. ಇದಕ್ಕೆ ವಾಲ್ಯುಮೆಟ್ರಿಕ್ ವೇಟ್ ಎನ್ನುತ್ತಾರೆ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, ಬಂದದ್ದನ್ನು ಒಂದು ನಿಗದಿತ ಸಂಖ್ಯೆಯಿಂದ ಭಾಗಿಸುತ್ತಾರೆ. ಭಾರತದ ಕೊರಿಯರ್ ವ್ಯವಹಾರದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸಂಖ್ಯೆ 5000.

ಈ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಚಾರ್ಜ್ ಬೀಳುತ್ತದೆ. ಎರಡನ್ನೂ ಕೂಡಿಸುವುದಿಲ್ಲ, ಸರಾಸರಿಯನ್ನೂ ತೆಗೆಯುವುದಿಲ್ಲ.

ನಮ್ಮ ಮಂಡಕ್ಕಿಯನ್ನೇ ತೆಗೆದುಕೊಳ್ಳೋಣ. ಮಂಡಕ್ಕಿಗೆ ಹೆಸರಾದ ದಾವಣಗೆರೆಯ ಒಬ್ಬ ಸಣ್ಣ ಮಾರಾಟಗಾರರು ಅದನ್ನು ಕಳಿಸುತ್ತಿದ್ದಾರೆ ಎಂದುಕೊಳ್ಳಿ. ಮಂಡಕ್ಕಿ ಎಂದರೆ ಅರ್ಧಕ್ಕರ್ಧ ಗಾಳಿ. ಒಂದು ಕೆಜಿಗೆ ಹತ್ತು ಲೀಟರಿಗೂ ಹೆಚ್ಚು ಜಾಗ ಬೇಕು. ಒತ್ತಿ ತುಂಬಿದರೆ ಪುಡಿಯಾಗುತ್ತದೆ. ಹಾಗಾಗಿ ಅವರು 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಬಾಕ್ಸ್ ಬಳಸುತ್ತಾರೆ. ಬಾಕ್ಸ್ ಸೇರಿ ತಕ್ಕಡಿಯಲ್ಲಿ 1.3 ಕೆಜಿ ಬರುತ್ತದೆ. ಗಾತ್ರದ ತೂಕ ಹೀಗೆ:

```
30 × 25 × 20 = 15000
15000 ÷ 5000 = 3 ಕೆಜಿ
```

1.3 ಮತ್ತು 3ರಲ್ಲಿ ದೊಡ್ಡದು 3. ಚೀಟಿಯ ಮೇಲೆ 3 ಕೆಜಿ ಬಂದಿದ್ದು ಹೀಗೆ. ಎರಡು ಕೆಜಿ ಮಂಡಕ್ಕಿಯನ್ನು ಯಾರೂ ಕದ್ದಿಲ್ಲ. ನೀವು ಕೊಂಡಿದ್ದು ಎಷ್ಟು ಎಂಬುದಕ್ಕೆ ಮಂಡಕ್ಕಿಯ ಪ್ಯಾಕೆಟ್ ಮೇಲಿನ ನಿವ್ವಳ ತೂಕ ನೋಡಬೇಕು, ಕೊರಿಯರ್ ಚೀಟಿಯನ್ನಲ್ಲ. ಪ್ಯಾಕೆಟ್ ಮೇಲೆ ಒಂದು ಕೆಜಿ ಎಂದಿದ್ದು ಮನೆಯ ತಕ್ಕಡಿಯಲ್ಲಿ 800 ಗ್ರಾಂ ಬಂದರೆ ಆಗ ಖಂಡಿತ ದೂರು ಕೊಡಿ. ಅದು ಬೇರೆಯೇ ವಿಷಯ.

ಜಾಗಕ್ಕೂ ತೂಕಕ್ಕೂ ಏನು ಸಂಬಂಧ?

ಒಂದು ವ್ಯಾನ್ ಕಲ್ಪಿಸಿಕೊಳ್ಳಿ. ಅದು 1000 ಕೆಜಿ ಭಾರ ಹೊರಬಲ್ಲದು. ಒಳಗೆ 5000 ಲೀಟರ್ ಜಾಗವಿದೆ. ಇವೆರಡರಲ್ಲಿ ಯಾವುದು ಮೊದಲು ಮುಗಿದರೂ ವ್ಯಾನ್ ತುಂಬಿದಂತೆಯೇ.

ಅದಕ್ಕೆ ಬರೀ ಮಂಡಕ್ಕಿಯ ಬಾಕ್ಸ್ ತುಂಬೋಣ. ಒಂದು ಬಾಕ್ಸ್ 15 ಲೀಟರ್ ಜಾಗ ತಿನ್ನುತ್ತದೆ. 333 ಬಾಕ್ಸ್ ಇಟ್ಟ ಮೇಲೆ ಇನ್ನೊಂದಕ್ಕೆ ಜಾಗವಿಲ್ಲ. ಅಷ್ಟೂ ಬಾಕ್ಸ್‌ಗಳ ತಕ್ಕಡಿ ತೂಕ ಸುಮಾರು 433 ಕೆಜಿ. ಅಂದರೆ ವ್ಯಾನಿನ ಬಲದಲ್ಲಿ ಅರ್ಧದಷ್ಟೂ ಬಳಕೆಯಾಗಿಲ್ಲ. ಆದರೂ ಬಾಗಿಲು ಹಾಕಿ ಹೊರಡಲೇಬೇಕು. ಡ್ರೈವರ್ ಸಂಬಳ, ಟೋಲ್, ವಾಹನದ ಕಂತು ಯಾವುದೂ ಅರ್ಧಕ್ಕೆ ಇಳಿಯುವುದಿಲ್ಲ, ಡೀಸೆಲ್ ಕೂಡ ಅರ್ಧಕ್ಕೆ ಮುಗಿಯುವುದಿಲ್ಲ. ತಕ್ಕಡಿ ತೂಕಕ್ಕೆ ಮಾತ್ರ ಬಾಡಿಗೆ ಹಿಡಿದರೆ ಮಂಡಕ್ಕಿ ಹೊತ್ತ ವ್ಯಾನ್ ನಷ್ಟದಲ್ಲೇ ಓಡಬೇಕು.

ಈಗ ಅದೇ ವ್ಯಾನಿಗೆ ಬೆಲ್ಲ ತುಂಬೋಣ. ಎರಡು ಕೆಜಿ ಬೆಲ್ಲ 20 × 15 × 10 ಸೆಂ.ಮೀ. ಬಾಕ್ಸಿನಲ್ಲಿ ಕೂರುತ್ತದೆ, ಬಾಕ್ಸ್ ಸೇರಿ 2.1 ಕೆಜಿ, ಜಾಗ ಬರೀ 3 ಲೀಟರ್. 476 ಬಾಕ್ಸ್ ಇಡುವಷ್ಟರಲ್ಲಿ ಭಾರ ಸಾವಿರ ಕೆಜಿ ಮುಟ್ಟುತ್ತದೆ. ಆದರೆ ಒಳಗೆ ಮೂರನೇ ಒಂದು ಭಾಗ ಜಾಗವೂ ತುಂಬಿರುವುದಿಲ್ಲ. ಈಗ ಜಾಗದ ಲೆಕ್ಕ ಹಿಡಿದರೆ ನಷ್ಟ.

ಆದ್ದರಿಂದ ಹಗುರವಾದ ದೊಡ್ಡ ವಸ್ತುವಿಗೆ ಜಾಗದ ಲೆಕ್ಕ, ಸಣ್ಣದಾದ ಭಾರದ ವಸ್ತುವಿಗೆ ತಕ್ಕಡಿಯ ಲೆಕ್ಕ. 5000 ಎಂಬ ಸಂಖ್ಯೆಯ ಅರ್ಥವೂ ಇಷ್ಟೇ. ಸಾವಿರ ಘನ ಸೆಂಟಿಮೀಟರ್ ಎಂದರೆ ಒಂದು ಲೀಟರ್. ಬಾಕ್ಸ್ ಹಿಡಿಯುವ ಪ್ರತಿ ಐದು ಲೀಟರ್ ಜಾಗವನ್ನು ಒಂದು ಕೆಜಿ ಎಂದು ಎಣಿಸುತ್ತಾರೆ. ಈ ಲೆಕ್ಕದಲ್ಲಿ ಮೇಲಿನ 333 ಮಂಡಕ್ಕಿ ಬಾಕ್ಸ್‌ಗಳು 999 ಕೆಜಿ ಆಗುತ್ತವೆ. ಬೆಲ್ಲದ ವ್ಯಾನಿಗೆ ಬರುವಷ್ಟೇ ಬಾಡಿಗೆ ಮಂಡಕ್ಕಿಯ ವ್ಯಾನಿಗೂ ಬಂತು.

5000 ಎಂಬುದು ಸರ್ಕಾರ ಮಾಡಿದ ಕಾನೂನಲ್ಲ, ಪ್ರಕೃತಿಯ ನಿಯಮವೂ ಅಲ್ಲ. ವಿಮಾನ ಸರಕು ಸಾಗಣೆಯಲ್ಲಿ ಅಯಾಟಾ ಸಂಘಟನೆಯ ಲೆಕ್ಕಕ್ಕೆ 6000 ಬಳಸುವುದು ರೂಢಿ. ಕೊರಿಯರ್ ಕಂಪನಿ ಮತ್ತು ಮಾರಾಟಗಾರರ ನಡುವಿನ ಒಪ್ಪಂದದಲ್ಲಿ ಇದಕ್ಕಿಂತ ಕಡಿಮೆ ಸಂಖ್ಯೆಯೂ ಇರಬಹುದು. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಗಾತ್ರದ ತೂಕ ಏರುತ್ತದೆ. ನಮ್ಮದೇ ಬಾಕ್ಸ್ 6000ದ ಲೆಕ್ಕದಲ್ಲಿ 2.5 ಕೆಜಿ, 4000ದ ಲೆಕ್ಕದಲ್ಲಿ 3.75 ಕೆಜಿ. ಹಾಗಾಗಿ ಎರಡು ಅಂಗಡಿಗಳಲ್ಲಿ ಒಂದೇ ಬಾಕ್ಸಿಗೆ ಎರಡು ಚಾರ್ಜ್ ಕಂಡರೆ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ.

ಪಿನ್‌ಕೋಡ್ ದೂರ ಹೇಳುವುದಿಲ್ಲ

ತೂಕ ಗೊತ್ತಾಯಿತು. ಮುಂದಿನ ಪ್ರಶ್ನೆ: ಎಲ್ಲಿಂದ ಎಲ್ಲಿಗೆ? ಚೆಕ್‌ಔಟ್ ಪುಟದಲ್ಲಿ ನೀವು ಪಿನ್‌ಕೋಡ್ ಹಾಕಿದ ಕೂಡಲೇ ಚಾರ್ಜ್ ಬದಲಾಗುವುದು ಇದಕ್ಕೇ.

ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ರಂದು. ಕಾಗದಗಳನ್ನು ಬೇಗ ವಿಂಗಡಿಸಲು ಅಂಚೆ ಇಲಾಖೆ ಮಾಡಿಕೊಂಡ ವ್ಯವಸ್ಥೆ ಅದು. ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ಒಂದು ದೊಡ್ಡ ವಲಯವನ್ನು ಸೂಚಿಸುತ್ತದೆ. 5 ಎಂದರೆ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ. ಮೊದಲ ಮೂರು ಅಂಕಿ ಸೇರಿ ಕಾಗದಗಳನ್ನು ವಿಂಗಡಿಸುವ ಜಿಲ್ಲೆಯನ್ನು ತೋರಿಸುತ್ತವೆ. ಇದು ಅಂಚೆಯ ಜಿಲ್ಲೆಯೇ ಹೊರತು ಕಂದಾಯ ಜಿಲ್ಲೆಯಲ್ಲ. 577 ಎಂಬುದರಲ್ಲಿ ದಾವಣಗೆರೆ, ಶಿವಮೊಗ್ಗ, ಚಿಕ್ಕಮಗಳೂರು ಮೂರೂ ಬರುತ್ತವೆ. ಕೊನೆಯ ಮೂರು ಅಂಕಿ ನಿಮ್ಮ ಅಂಚೆ ಕಚೇರಿಯವು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಎರಡು ಪಿನ್‌ಕೋಡ್‌ಗಳ ನಡುವಿನ ಅಂತರ ಹೆಚ್ಚಾದಷ್ಟೂ ಊರುಗಳ ನಡುವಿನ ದೂರವೂ ಹೆಚ್ಚು, ಚಾರ್ಜೂ ಹೆಚ್ಚು ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಬೆಂಗಳೂರಿನ ಪಿನ್‌ಕೋಡ್ 560ರಿಂದ ಶುರುವಾಗುತ್ತದೆ, ಹೊಸೂರಿನದು 635ರಿಂದ. ಅಂಕಿಗಳಲ್ಲಿ ದೊಡ್ಡ ಅಂತರ, ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೊಸೂರು ತಮಿಳುನಾಡಿನಲ್ಲಿರುವುದರಿಂದ ಅದಕ್ಕೆ 6 ಬಂದಿದೆ, ಅಷ್ಟೇ.

ಕೊರಿಯರ್ ಕಂಪನಿಗಳು ಪಿನ್‌ಕೋಡನ್ನು ಕೂಡಿ ಕಳೆದು ದೂರ ಕಂಡುಹಿಡಿಯುವುದಿಲ್ಲ. ಅವುಗಳ ಬಳಿ ಒಂದು ದೊಡ್ಡ ಪಟ್ಟಿ ಇರುತ್ತದೆ. ಕಳಿಸುವವರ ಪಿನ್‌ಕೋಡ್ ಮತ್ತು ತಲುಪುವವರ ಪಿನ್‌ಕೋಡ್ ಎರಡನ್ನೂ ಕೊಟ್ಟರೆ ಆ ಜೋಡಿ ಯಾವ ಝೋನ್ ಎಂದು ಪಟ್ಟಿ ಹೇಳುತ್ತದೆ. ಕಂಪನಿಗೊಂದು ಹೆಸರಿದ್ದರೂ ಝೋನ್‌ಗಳು ಸಾಮಾನ್ಯವಾಗಿ ಐದು: ಒಂದೇ ಊರಿನೊಳಗೆ, ಅದೇ ರಾಜ್ಯ ಅಥವಾ ಹತ್ತಿರದ ಪ್ರದೇಶದೊಳಗೆ, ಒಂದು ಮಹಾನಗರದಿಂದ ಇನ್ನೊಂದು ಮಹಾನಗರಕ್ಕೆ, ದೇಶದ ಉಳಿದ ಭಾಗಗಳಿಗೆ, ಮತ್ತು ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರದಂಥ ವಿಶೇಷ ಪ್ರದೇಶಗಳಿಗೆ. ಸಾಮಾನ್ಯವಾಗಿ ಈ ಕ್ರಮದಲ್ಲೇ ದರ ಏರುತ್ತದೆ.

ಇದರಿಂದ ಮೇಲ್ನೋಟಕ್ಕೆ ವಿಚಿತ್ರ ಎನ್ನಿಸುವ ಎರಡು ಸಂಗತಿಗಳು ಅರ್ಥವಾಗುತ್ತವೆ. ದಾವಣಗೆರೆಯಿಂದ ದೆಹಲಿಗೆ ಇರುವ ದೂರ ಬೆಂಗಳೂರಿನಿಂದ ದೆಹಲಿಗೆ ಇರುವುದಕ್ಕಿಂತ ಕಡಿಮೆ. ಆದರೂ ಬೆಂಗಳೂರಿನಿಂದ ಕಳಿಸಿದ ಪಾರ್ಸೆಲ್‌ಗೇ ಚಾರ್ಜ್ ಕಡಿಮೆ ಬೀಳಬಹುದು. ಕಾರಣ, ಬೆಂಗಳೂರು-ದೆಹಲಿ ಮಹಾನಗರಗಳ ಜೋಡಿ. ಅಲ್ಲಿ ದಿನವೂ ದೊಡ್ಡ ಪ್ರಮಾಣದ ಸರಕು ಓಡಾಡುತ್ತದೆ, ವಾಹನ ಖಾಲಿ ಹೋಗುವುದು ಕಡಿಮೆ. ಹಾಗೆಯೇ ಕೋಲ್ಕತ್ತ 700001, ಗುವಾಹಟಿ 781001. ಎರಡೂ 7ರಿಂದಲೇ ಶುರುವಾದರೂ ಒಂದು ಮಹಾನಗರ, ಇನ್ನೊಂದು ವಿಶೇಷ ಪ್ರದೇಶ. ಮೊದಲ ಅಂಕಿ ನೋಡಿ ಚಾರ್ಜ್ ಊಹಿಸಲು ಹೊರಟರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮುಖ್ಯ ಮಾತು. ಲೆಕ್ಕ ಶುರುವಾಗುವುದು ಅಂಗಡಿಯ ಹೆಸರು ನೋಂದಣಿಯಾದ ಊರಿನಿಂದಲ್ಲ, ನಿಮ್ಮ ವಸ್ತು ಇರುವ ಗೋದಾಮಿನಿಂದ. ಅಂಗಡಿ ಬೆಂಗಳೂರಿನದೇ ಆಗಿರಬಹುದು, ಗೋದಾಮು ಗುರುಗ್ರಾಮದಲ್ಲಿರಬಹುದು.

ಪೂರ್ತಿ ಲೆಕ್ಕ ಒಮ್ಮೆ ಹಾಕೋಣ

ಈಗ ತೂಕವನ್ನೂ ಝೋನನ್ನೂ ಜೋಡಿಸೋಣ. ದರಗಳು ಪ್ರತಿ ಒಪ್ಪಂದದಲ್ಲೂ ಬೇರೆ ಇರುತ್ತವೆ. ಕೆಳಗಿನ ದರಗಳನ್ನು ನಾವು ಲೆಕ್ಕ ತೋರಿಸಲು ಹಿಡಿದಿದ್ದೇವೆ, ಯಾವುದೇ ಕಂಪನಿಯ ದರಪಟ್ಟಿ ಇದಲ್ಲ. ರಾಜ್ಯದೊಳಗೆ ಮೊದಲ ಅರ್ಧ ಕೆಜಿಗೆ 40 ರೂಪಾಯಿ, ಆಮೇಲಿನ ಪ್ರತಿ ಅರ್ಧ ಕೆಜಿಗೆ 30 ರೂಪಾಯಿ ಎಂದಿಟ್ಟುಕೊಳ್ಳಿ. ಈಶಾನ್ಯ ರಾಜ್ಯಗಳಿಗೆ ಮೊದಲ ಅರ್ಧ ಕೆಜಿಗೆ 75, ಆಮೇಲೆ ಪ್ರತಿ ಅರ್ಧ ಕೆಜಿಗೆ 65.

ಅರ್ಧ ಕೆಜಿಯ ಈ ಮೆಟ್ಟಿಲಿಗೆ ಸ್ಲ್ಯಾಬ್ ಎನ್ನುತ್ತಾರೆ. ಆಟೋ ಮೀಟರಿನಂತೆ ಮೊದಲ ಮೆಟ್ಟಿಲು ದುಬಾರಿ, ಮುಂದಿನವು ಸ್ವಲ್ಪ ಅಗ್ಗ. ಮೆಟ್ಟಿಲಿನ ಮಧ್ಯೆ ನಿಲ್ಲುವ ಹಾಗಿಲ್ಲ. 2.1 ಕೆಜಿ ಬಂದರೆ 2.5 ಎಂದೇ ಲೆಕ್ಕ.

ದಾವಣಗೆರೆಯಿಂದ ಬೆಂಗಳೂರಿಗೆ ಮಂಡಕ್ಕಿ: 3 ಕೆಜಿ ಎಂದರೆ ಆರು ಮೆಟ್ಟಿಲು. ಮೊದಲನೆಯದಕ್ಕೆ 40, ಉಳಿದ ಐದಕ್ಕೆ 150, ಒಟ್ಟು 190 ರೂಪಾಯಿ. ಕೊರಿಯರ್ ಸೇವೆಗೆ ಶೇ. 18 ಜಿಎಸ್‌ಟಿ ಸೇರಿದರೆ 224 ರೂಪಾಯಿ 20 ಪೈಸೆ. ಅದೇ ಬಾಕ್ಸ್ ಗುವಾಹಟಿಗೆ ಹೋದರೆ 75 ಮತ್ತು 325 ಸೇರಿ 400, ಜಿಎಸ್‌ಟಿ ಸೇರಿ 472 ರೂಪಾಯಿ.

ದಾವಣಗೆರೆಯಿಂದ ಬೆಂಗಳೂರಿಗೆ ಬೆಲ್ಲ: ಗಾತ್ರದ ತೂಕ ಬರೀ 0.6 ಕೆಜಿ, ತಕ್ಕಡಿ ತೂಕ 2.1 ಕೆಜಿ. ಇಲ್ಲಿ ತಕ್ಕಡಿಯೇ ಗೆಲ್ಲುತ್ತದೆ. 2.5 ಕೆಜಿಗೆ ಐದು ಮೆಟ್ಟಿಲು, 160 ರೂಪಾಯಿ, ಜಿಎಸ್‌ಟಿ ಸೇರಿ 188 ರೂಪಾಯಿ 80 ಪೈಸೆ. ಎರಡು ಕೆಜಿ ಬೆಲ್ಲ ಕಳಿಸುವುದಕ್ಕಿಂತ ಒಂದು ಕೆಜಿ ಮಂಡಕ್ಕಿ ಕಳಿಸುವುದು ದುಬಾರಿ.

ಈಗ ಇನ್ನೊಂದು ಪ್ರಯೋಗ. ಎರಡನ್ನೂ ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡಿರಿ. ಮಾರಾಟಗಾರರು ಬೆಲ್ಲವನ್ನು ಅಡಿಯಲ್ಲಿಟ್ಟು ಮೇಲೆ ಮಂಡಕ್ಕಿ ಇಟ್ಟು 30 × 25 × 24 ಸೆಂ.ಮೀ. ಬಾಕ್ಸಿನಲ್ಲಿ ಕಳಿಸಿದರು. ಗಾತ್ರದ ತೂಕ 3.6 ಕೆಜಿ, ತಕ್ಕಡಿ ತೂಕ ಸುಮಾರು 3.4 ಕೆಜಿ. ಎರಡೂ ಬಹುತೇಕ ಸಮ. ಚಾರ್ಜ್ ಬೀಳುವುದು 4 ಕೆಜಿಗೆ: 250 ರೂಪಾಯಿ, ಜಿಎಸ್‌ಟಿ ಸೇರಿ 295. ಬೇರೆ ಬೇರೆಯಾಗಿ ಕಳಿಸಿದ್ದರೆ 413 ರೂಪಾಯಿ ಆಗುತ್ತಿತ್ತು. ಹಗುರವಾದ ದೊಡ್ಡ ವಸ್ತುವಿನ ಜೊತೆ ಭಾರವಾದ ಸಣ್ಣ ವಸ್ತು ಸೇರಿದಾಗ, ವ್ಯಾನಿನ ಜಾಗವೂ ಬಲವೂ ಎರಡೂ ಬಳಕೆಯಾಗುತ್ತವೆ. ಡೆಲಿವರಿ ಚಾರ್ಜ್ ಉಳಿಸಲು ಬೇಕಾದ್ದನ್ನು ಒಂದೇ ಕಡೆ, ಒಂದೇ ಸಲ ಕೊಳ್ಳಿ ಎನ್ನುವುದರ ಹಿಂದಿನ ಲೆಕ್ಕ ಇದು.

ಇದರ ಮೇಲೆ ಕ್ಯಾಶ್ ಆನ್ ಡೆಲಿವರಿ ಶುಲ್ಕ, ಇಂಧನ ಸರ್‌ಚಾರ್ಜ್, ದೂರದ ಹಳ್ಳಿಗಳಿಗೆ ಹೆಚ್ಚುವರಿ ಶುಲ್ಕ ಸೇರಬಹುದು. ‘ಫ್ರೀ ಡೆಲಿವರಿ’ ಎಂದಿದ್ದರೂ ಕೊರಿಯರ್ ಕಂಪನಿ ತನ್ನ ಹಣ ಬಿಡುವುದಿಲ್ಲ. ಆ ಹಣವನ್ನು ಮಾರಾಟಗಾರರು ವಸ್ತುವಿನ ಬೆಲೆಯಲ್ಲಿ ಸೇರಿಸಿರುತ್ತಾರೆ, ಇಲ್ಲವೇ ತಮ್ಮ ಲಾಭದಿಂದ ಕೊಡುತ್ತಾರೆ.

ಲೆಕ್ಕ ತಪ್ಪುವುದು ಎಲ್ಲಿ?

ಲೆಕ್ಕದ ಸೂತ್ರ ಸರಿ ಇದ್ದರೂ ಅದಕ್ಕೆ ಕೊಡುವ ಅಳತೆ ತಪ್ಪಿರಬಹುದು. ಚೆಕ್‌ಔಟ್ ಪುಟ ನಿಮ್ಮ ಬಾಕ್ಸನ್ನು ಕಣ್ಣಾರೆ ನೋಡಿರುವುದಿಲ್ಲ. ನೀವು ಕೊಳ್ಳುವ ಹೊತ್ತಿಗೆ ಆ ಬಾಕ್ಸ್ ಕಟ್ಟಿರುವುದೇ ಇಲ್ಲ. ಮಾರಾಟಗಾರರು ವಸ್ತುವನ್ನು ಪಟ್ಟಿಗೆ ಹಾಕುವಾಗ ತುಂಬಿದ ಉದ್ದ, ಅಗಲ, ಎತ್ತರ, ತೂಕವನ್ನೇ ಅದು ನಂಬುತ್ತದೆ.

ಸುಲಭವಾಗಿ ಆಗುವ ಒಂದು ತಪ್ಪು ಇಂಚು ಮತ್ತು ಸೆಂಟಿಮೀಟರಿನದು. ರಟ್ಟಿನ ಬಾಕ್ಸ್‌ಗಳನ್ನು ನಮ್ಮಲ್ಲಿ ಹೆಚ್ಚಾಗಿ ಇಂಚಿನ ಲೆಕ್ಕದಲ್ಲಿ ಮಾರುತ್ತಾರೆ. ಮಂಡಕ್ಕಿಯ ಬಾಕ್ಸ್ ಹೆಚ್ಚು ಕಡಿಮೆ 12 × 10 × 8 ಇಂಚು. ಸೆಂಟಿಮೀಟರ್ ಕೇಳುವ ಜಾಗದಲ್ಲಿ ಇದೇ ಅಂಕಿಗಳನ್ನು ತುಂಬಿದರೆ ಗಾತ್ರದ ತೂಕ 3 ಕೆಜಿಯ ಬದಲು 192 ಗ್ರಾಂ ಎಂದು ಬರುತ್ತದೆ! ಆಗ ಚೆಕ್‌ಔಟ್ ಪುಟ ತಕ್ಕಡಿಯ 1.3 ಕೆಜಿಯನ್ನೇ ಹಿಡಿದು, 1.5 ಕೆಜಿಗೆ 118 ರೂಪಾಯಿ ತೋರಿಸುತ್ತದೆ. ಕೊಳ್ಳುವವರಿಗೆ ಖುಷಿ. ಆದರೆ ಪಾರ್ಸೆಲ್ ಕೊರಿಯರ್ ಹಬ್ ತಲುಪಿದಾಗ ಯಂತ್ರ ಮತ್ತೆ ಅಳೆಯುತ್ತದೆ. ಮಾರಾಟಗಾರರಿಗೆ 224 ರೂಪಾಯಿ 20 ಪೈಸೆಯ ಬಿಲ್ ಬರುತ್ತದೆ. ಪ್ರತಿ ಬಾಕ್ಸಿಗೆ 106 ರೂಪಾಯಿ ಕೈಯಿಂದ ಹೋಯಿತು. ಮನೆಯಲ್ಲೇ ಕೂತು ನೂರಿನ್ನೂರು ರೂಪಾಯಿಯ ತಿಂಡಿ ಮಾರುವವರಿಗೆ ಇದು ಲಾಭವನ್ನೆಲ್ಲ ನುಂಗುವ ಮೊತ್ತ. ‘ಅಂಗಡಿಯವರು ಮೋಸ ಮಾಡಿದರು’ ಎಂದು ಫಾರ್ವರ್ಡ್ ಹೇಳುತ್ತಿದ್ದರೆ, ಲೆಕ್ಕ ತಪ್ಪಿ ಹಣ ಕಳೆದುಕೊಳ್ಳುತ್ತಿರುವವರು ಅಂಗಡಿಯವರೇ ಆಗಿರಲೂಬಹುದು.

ಎರಡನೆಯದು ಉಬ್ಬಿದ ಬಾಕ್ಸ್. ಯಂತ್ರ ಅಳೆಯುವುದು ಬಾಕ್ಸ್ ತಯಾರಕರು ಹೇಳಿದ ಅಳತೆಯನ್ನಲ್ಲ, ಹೊರಗೆ ಅತಿ ಹೆಚ್ಚು ಚಾಚಿರುವ ಭಾಗವನ್ನು. ಮಂಡಕ್ಕಿ ಹೆಚ್ಚಾಗಿ ಮುಚ್ಚಳ ಒಂದೇ ಒಂದು ಸೆಂಟಿಮೀಟರ್ ಉಬ್ಬಿತು ಎನ್ನಿ. ಎತ್ತರ 20ರ ಬದಲು 21 ಆಗುತ್ತದೆ. ಗಾತ್ರದ ತೂಕ 3.15 ಕೆಜಿ. ಮೆಟ್ಟಿಲು ದಾಟಿತು, ಈಗ 3.5 ಕೆಜಿಯ ಚಾರ್ಜ್: ಜಿಎಸ್‌ಟಿ ಸೇರಿ 259 ರೂಪಾಯಿ 60 ಪೈಸೆ. ಒಂದು ಸೆಂಟಿಮೀಟರಿನ ಬೆಲೆ 35 ರೂಪಾಯಿ 40 ಪೈಸೆ. ಇದೇ ಕಾರಣಕ್ಕೆ ಪಳಗಿದ ಮಾರಾಟಗಾರರು ಮೆಟ್ಟಿಲಿನ ತುದಿಗೆ ಸರಿಯಾಗಿ ಕೂರುವ ಬಾಕ್ಸ್ ಬಳಸುವುದಿಲ್ಲ, ಸ್ವಲ್ಪ ಕೆಳಗೇ ಇರುವಂತೆ ಆರಿಸುತ್ತಾರೆ. ಬಾಕ್ಸ್ ಕಟ್ಟಿದ ಮೇಲೆ ಮೂರೂ ಬದಿಗೆ ಟೇಪು ಹಿಡಿದು, ತಕ್ಕಡಿಯ ಮೇಲಿಟ್ಟು ಫೋಟೋ ತೆಗೆದಿಡುತ್ತಾರೆ. ಹಬ್‌ನ ಅಳತೆ ತಪ್ಪಿದ್ದರೆ ಆಕ್ಷೇಪ ಸಲ್ಲಿಸಲು ಆ ಫೋಟೋಗಳೇ ಆಧಾರ.

ಮೂರನೆಯದು ಕೊಳ್ಳುವವರಿಗೆ ಹೊರೆಯಾಗುವ ತಪ್ಪು. ಒಂದೇ ವಸ್ತುವನ್ನು ಎರಡು ಕೊಂಡಾಗ ಕೆಲವು ಚೆಕ್‌ಔಟ್ ಪುಟಗಳು ಎರಡು ಪ್ರತ್ಯೇಕ ಬಾಕ್ಸ್ ಎಂದೇ ಎಣಿಸುತ್ತವೆ. ಪ್ಲಾಸ್ಟಿಕ್ ಬುಟ್ಟಿ, ಬಕೆಟ್, ಪಾತ್ರೆಗಳು ಒಂದರೊಳಗೊಂದು ಕೂರುತ್ತವೆ. ನಾಲ್ಕು ಬುಟ್ಟಿ ಕಳಿಸಲು ಒಂದು ಬುಟ್ಟಿಗಿಂತ ಸ್ವಲ್ಪವೇ ದೊಡ್ಡ ಬಾಕ್ಸ್ ಸಾಕು. ಆದರೆ ಪುಟ ನಾಲ್ಕು ಪಟ್ಟು ಚಾರ್ಜ್ ತೋರಿಸುತ್ತದೆ. ಇಲ್ಲಿ ನಿಮ್ಮ ದೂರು ನ್ಯಾಯವಾದದ್ದು. ಅಂಗಡಿಯವರಿಗೆ ಮೆಸೇಜ್ ಮಾಡಿ ಕೇಳಿದರೆ ಸರಿಪಡಿಸಿಕೊಡುವವರೂ ಇದ್ದಾರೆ. ಬೆರಳುದ್ದದ ವಸ್ತುವನ್ನು ಚಪ್ಪಲಿ ಡಬ್ಬದಷ್ಟು ದೊಡ್ಡ ಬಾಕ್ಸಿನಲ್ಲಿ ಕಳಿಸಿ, ಆ ಖಾಲಿ ಜಾಗಕ್ಕೂ ನಿಮ್ಮಿಂದ ಹಣ ಪಡೆದಿದ್ದರೆ ಅದನ್ನೂ ಕೇಳಬಹುದು.

‘ತೂಕದ ವ್ಯತ್ಯಾಸ ಕಟ್ಟಿ’ ಎಂಬ ಮೆಸೇಜ್ ಬಂದರೆ

ಇಷ್ಟೆಲ್ಲ ತಿಳಿದುಕೊಳ್ಳುವುದರ ದೊಡ್ಡ ಉಪಯೋಗ ಇಲ್ಲಿದೆ. ಪಾರ್ಸೆಲ್ ಹೆಸರಿನಲ್ಲಿ ಬರುವ ವಂಚನೆಯ ಮೆಸೇಜ್‌ಗಳ ವರಸೆ ಈಗ ಎಲ್ಲರಿಗೂ ಪರಿಚಿತ: ನಿಮ್ಮ ಪಾರ್ಸೆಲ್ ಹಬ್‌ನಲ್ಲಿ ನಿಂತಿದೆ, ವಿಳಾಸ ಅಪೂರ್ಣ, ಪಿನ್‌ಕೋಡ್ ಹೊಂದಿಕೆಯಾಗಿಲ್ಲ, ಈ ಲಿಂಕ್ ಒತ್ತಿ ಸಣ್ಣ ಮೊತ್ತ ಕಟ್ಟಿ. ಕಾರಣ ‘ತೂಕ ಹೆಚ್ಚಾಗಿದೆ’ ಎಂದೂ ಇರಬಹುದು. ಕೇಳುವ ಹಣ ಬರೀ ಐದೋ ಹತ್ತೋ ರೂಪಾಯಿ ಇರುವುದರಿಂದ ಜನ ಯೋಚಿಸದೆ ಕಟ್ಟುತ್ತಾರೆ. ವಂಚಕರಿಗೆ ಬೇಕಿರುವುದು ಆ ಐದು ರೂಪಾಯಿಯಲ್ಲ, ನೀವು ಆ ಪುಟದಲ್ಲಿ ತುಂಬುವ ಕಾರ್ಡ್ ಸಂಖ್ಯೆ ಮತ್ತು ಒಟಿಪಿ.

ಲೆಕ್ಕ ಗೊತ್ತಿದ್ದವರಿಗೆ ಇದು ಸುಳ್ಳು ಎಂದು ಕೂಡಲೇ ತಿಳಿಯುತ್ತದೆ. ಹಬ್‌ನಲ್ಲಿ ಮತ್ತೆ ಅಳೆದಾಗ ಬರುವ ವ್ಯತ್ಯಾಸದ ಬಿಲ್ ಹೋಗುವುದು ಕೊರಿಯರ್ ಜೊತೆ ಒಪ್ಪಂದ ಮಾಡಿಕೊಂಡ ಮಾರಾಟಗಾರರಿಗೆ. ನಿಮ್ಮ ವ್ಯವಹಾರ ಚೆಕ್‌ಔಟ್‌ನಲ್ಲಿ ಹಣ ಕಟ್ಟಿದಾಗಲೇ ಮುಗಿದಿದೆ. ಕ್ಯಾಶ್ ಆನ್ ಡೆಲಿವರಿ ಆಗಿದ್ದರೆ ಆರ್ಡರ್ ಮಾಡಿದಾಗ ತೋರಿಸಿದ ಮೊತ್ತ ಮಾತ್ರ ಬಾಕಿ. ಅದಕ್ಕಿಂತ ಹೆಚ್ಚು ಕೇಳುವ ಲಿಂಕನ್ನು ಒತ್ತಬೇಡಿ. ಪಾರ್ಸೆಲ್ ಎಲ್ಲಿದೆ ಎಂದು ನೋಡಬೇಕಾದರೆ ನೀವು ಕೊಂಡ ಆ್ಯಪ್ ಅಥವಾ ವೆಬ್‌ಸೈಟ್ ತೆರೆದು ಅಲ್ಲೇ ನೋಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮೊದಲು ನೀವೇ ಅಳೆಯಿರಿ

ಮುಂದಿನ ಸಲ ಚಾರ್ಜ್ ಹೆಚ್ಚೆನಿಸಿದರೆ ಬಾಕ್ಸ್ ಬಿಸಾಡುವ ಮೊದಲು ಅಳೆದುಬಿಡಿ. ಮೂರು ಬದಿಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ. ಬಂದ ಉತ್ತರ ಚೀಟಿಯ ಮೇಲಿನ ತೂಕಕ್ಕೆ ಹತ್ತಿರ ಇದ್ದರೆ, ನಿಮ್ಮಿಂದ ಪಡೆದದ್ದು ಜಾಗದ ಬಾಡಿಗೆ. ಉತ್ತರವೂ ತಕ್ಕಡಿ ತೂಕವೂ ಎರಡೂ ಚೀಟಿಯ ತೂಕಕ್ಕಿಂತ ತುಂಬಾ ಕಡಿಮೆ ಇದ್ದರೆ, ಅಂಗಡಿಯವರು ಪಟ್ಟಿಯಲ್ಲಿ ತಪ್ಪು ಅಳತೆ ತುಂಬಿರಬಹುದು, ಇಲ್ಲವೇ ಅವರ ಒಪ್ಪಂದದಲ್ಲಿ ಬೇರೆ ಸಂಖ್ಯೆ ಇರಬಹುದು. ಯಾವುದೆಂದು ಅವರನ್ನೇ ಕೇಳಿ.

ಝೋನ್ ಪರೀಕ್ಷಿಸಲು ಇನ್ನೊಂದು ಸರಳ ಉಪಾಯವಿದೆ. ಹಣ ಕಟ್ಟುವ ಮೊದಲು ಚೆಕ್‌ಔಟ್ ಪುಟದಲ್ಲಿ ಬೇರೆ ಊರಿನ ನೆಂಟರ ಪಿನ್‌ಕೋಡ್ ಹಾಕಿ ನೋಡಿ. ಚಾರ್ಜ್ ಬದಲಾದರೆ ಝೋನ್ ಲೆಕ್ಕ ನಡೆಯುತ್ತಿದೆ. ಎಲ್ಲಿಗೆ ಹಾಕಿದರೂ ಅಷ್ಟೇ ಇದ್ದರೆ ಅಂಗಡಿ ಎಲ್ಲರಿಗೂ ಒಂದೇ ದರ ಇಟ್ಟಿದೆ. ಆಗ ಈ ಯಾವ ಲೆಕ್ಕವೂ ನಿಮ್ಮ ಬಿಲ್ಲಿಗೆ ಅನ್ವಯಿಸುವುದಿಲ್ಲ.

ಡೆಲಿವರಿ ಚಾರ್ಜ್ ಎಷ್ಟು ಎಂಬುದನ್ನು ಹಣ ಕಟ್ಟುವ ಮೊದಲೇ ಬಿಡಿಸಿ ತೋರಿಸಬೇಕು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಇದನ್ನು ಕೇಳುತ್ತವೆ. ಮುಚ್ಚಿಟ್ಟು ಕೊನೆಯಲ್ಲಿ ಸೇರಿಸಿದ್ದರೆ, ಅಥವಾ ಅಂಗಡಿಯವರು ವಿವರಣೆಯನ್ನೇ ಕೊಡದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆ ದೂರಿನ ಜೊತೆ ಬಾಕ್ಸಿನ ಮೂರು ಅಳತೆ, ಚೀಟಿಯ ಫೋಟೋ, ಚೆಕ್‌ಔಟ್ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ‘ಎರಡು ಕೆಜಿ ಕದ್ದರು’ ಎಂಬ ಮೆಸೇಜನ್ನು ಹತ್ತು ಗುಂಪುಗಳಿಗೆ ಕಳಿಸಿದರೆ ಹಣ ವಾಪಸ್ ಬರುವುದಿಲ್ಲ. ಈ ಮೂರು ದಾಖಲೆ ಇದ್ದರೆ ಕೇಳುವುದಕ್ಕೆ ಒಂದು ಆಧಾರ ಸಿಗುತ್ತದೆ.